ಅಮ್ಮನ ಹೆಸರಿನ ಮನೆ, ಮಗನ ಹೆಸರಿನ ಪಾಲಿಸಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಶಿವಮೊಗ್ಗದಲ್ಲಿ ನಮ್ಮ ಮನೆಯಲ್ಲಿದ್ದಾರೆ. ಅಪ್ಪ ದುಡಿದು ಕಟ್ಟಿಸಿದ ಮನೆ, ಸೈಟು ಅಮ್ಮನ ಹೆಸರಲ್ಲಿದೆ. ಕೆಳಗೆ 900 ಚದರಡಿ, ಮೇಲೆ 600. ಮೇಲಿನದ್ದು ನಾನು 9 ಲಕ್ಷ ಹಾಕಿ ಕಟ್ಟಿಸಿದ್ದು. ಮನೆಗೆ ವಿಮೆ ಮಾಡಿಸಬೇಕು. ಕಂತು ಕಟ್ಟುವವನು ನಾನೇ, ಮಗ ಅಂತ ಇರೋದೂ ನಾನೊಬ್ಬನೇ (ಅಕ್ಕನಿಗೆ ಮದುವೆಯಾಗಿದೆ). ಹಾಗಾಗಿ ಪಾಲಿಸಿ ನನ್ನ ಹೆಸರಲ್ಲೇ ಇರಲಿ ಅಂದುಕೊಂಡಿದ್ದೆ. ಕಂಪನಿಯವರು "ಇನ್ಶೂರೆಬಲ್ ಇಂಟರೆಸ್ಟ್ ಇಲ್ಲ" ಅಂದರು. 2019ರಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ಬಂದಿತ್ತು. ಏಜೆಂಟ್ "ಅದನ್ನ ಸುಮ್ನೆ ಯಾಕೆ ಬರೀತೀರಿ" ಅಂತಾರೆ. ಏನು ಮಾಡಲಿ?

ಉತ್ತರ: ಪಾಲಿಸಿ ನಿಮ್ಮ ತಾಯಿಯವರ ಹೆಸರಲ್ಲಿ ಇರಲಿ. 2019ರ ನೀರಿನ ವಿಷಯ ಬರೆಯಿರಿ. ಇವೆರಡಕ್ಕೂ ಕಾರಣ ಗೊತ್ತಾದರೆ ಮುಂದೆ ಬರುವ ಬೇರೆ ಪ್ರಶ್ನೆಗಳಿಗೂ ನೀವೇ ಉತ್ತರ ಹುಡುಕಿಕೊಳ್ಳಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಬಹಳ ವರ್ಷ ನಷ್ಟ ಅಳೆಯುವ ಸರ್ವೇಯರ್ ಆಗಿದ್ದವನು. ಬೆಂಕಿ ಬಿದ್ದ, ನೀರು ನುಗ್ಗಿದ ಮನೆಗಳಿಗೆ ಹೋಗಿ ವರದಿ ಬರೆಯುವುದೇ ನನ್ನ ಕೆಲಸವಾಗಿತ್ತು. ಒಮ್ಮೆ ಒಂದು ಮನೆಗೆ ಹೋಗಿದ್ದೆ. ಶಾರ್ಟ್ ಸರ್ಕ್ಯೂಟ್ ಆಗಿ ಅಡುಗೆಮನೆ, ಅದರ ಪಕ್ಕದ ಕೋಣೆ ಸುಟ್ಟಿದ್ದವು. ನಷ್ಟ ಸುಮಾರು 4 ಲಕ್ಷ. ಪಾಲಿಸಿ ಮಗನ ಹೆಸರಲ್ಲಿತ್ತು. ಮೂರು ವರ್ಷ ಒಂದು ದಿನವೂ ತಪ್ಪದೆ ಕಂತು ಕಟ್ಟಿದ್ದ ಹುಡುಗ. ನಾನು ಖಾತೆ ಮತ್ತು ಕಂದಾಯದ ರಸೀದಿ ಕೇಳಿದೆ. ಎರಡೂ ತಾಯಿಯ ಹೆಸರಲ್ಲಿದ್ದವು. ಕಂಪನಿ ಕ್ಲೇಮ್ ಕೊಡಲಿಲ್ಲ. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ. ನಷ್ಟ ಆದದ್ದು ತಾಯಿಗೆ, ಆದರೆ ಅವರ ಹೆಸರಲ್ಲಿ ಪಾಲಿಸಿ ಇರಲಿಲ್ಲ. ಪಾಲಿಸಿ ಇದ್ದದ್ದು ಮಗನ ಹೆಸರಲ್ಲಿ, ಆದರೆ ಕಾನೂನಿನ ಲೆಕ್ಕದಲ್ಲಿ ಅವನಿಗೆ ನಷ್ಟವೇ ಆಗಿರಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಇನ್ಶೂರೆಬಲ್ ಇಂಟರೆಸ್ಟ್ ಅನ್ನುವುದಕ್ಕೆ ಕನ್ನಡದಲ್ಲಿ ವಿಮಾ ಹಿತಾಸಕ್ತಿ ಅನ್ನುತ್ತಾರೆ. ಆ ವಸ್ತು ಹಾಳಾದರೆ ನಿಮಗೆ ಹಣದ ನಷ್ಟ ಆಗಬೇಕು, ಆ ನಷ್ಟವನ್ನು ಕಾನೂನು ಒಪ್ಪಬೇಕು. ಇಷ್ಟೇ ಅದರ ಅರ್ಥ. ಹುಟ್ಟಿ ಬೆಳೆದ ಮನೆ ಸುಟ್ಟರೆ ನಿಮಗೆ ಸಂಕಟ ಆಗುತ್ತದೆ, ರಿಪೇರಿಗೆ ಹಣವನ್ನೂ ನೀವೇ ಕೊಡುತ್ತೀರಿ. ಆದರೆ ಸಂಕಟ ಬೇರೆ, ನಷ್ಟ ಬೇರೆ. ರಿಪೇರಿಗೆ ಕೊಡುವುದು ಮಗನಾಗಿ ನೀವು ಇಷ್ಟಪಟ್ಟು ಮಾಡುವ ಕೆಲಸ, ಕಾನೂನು ಹೊರಿಸಿದ ಹೊರೆ ಅಲ್ಲ. ಈ ನಿಯಮ ಯಾಕೆ ಬೇಕು ಅಂದರೆ, ಇದಿಲ್ಲದೆ ಹೋದರೆ ಯಾರು ಬೇಕಾದರೂ ಯಾರ ಮನೆಯ ಮೇಲೆ ಬೇಕಾದರೂ ಪಾಲಿಸಿ ತೆಗೆದು ಅದು ಬೀಳಲಿ ಅಂತ ಕಾಯಬಹುದು. ಆಗ ಅದು ವಿಮೆ ಅಲ್ಲ, ಬಾಜಿ. ಬಾಜಿಯ ಒಪ್ಪಂದ ನಡೆಯುವುದಿಲ್ಲ ಅಂತ 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ.

ನೀವು ಕೊಟ್ಟ ಮೂರು ಕಾರಣಗಳನ್ನು ಈಗ ಒಂದೊಂದಾಗಿ ನೋಡೋಣ.

ಕಂತು ಕಟ್ಟುವವನು ನಾನು ಅನ್ನುವುದು ಮೊದಲನೆಯದು. ಕಂತು ಕಟ್ಟಿದ್ದರಿಂದ ಹಿತಾಸಕ್ತಿ ಹುಟ್ಟುವುದಿಲ್ಲ. ತಾಯಿಯ ಹೆಸರಿನ ಪಾಲಿಸಿಗೆ ಮಗ ಹಣ ಕಟ್ಟುವುದಕ್ಕೆ ಅಡ್ಡಿಯೂ ಇಲ್ಲ. ನಿಮ್ಮ ಬ್ಯಾಂಕ್ ಖಾತೆಯಿಂದಲೇ ಕಟ್ಟಿ, ಸಂಪರ್ಕಕ್ಕೆ ನಿಮ್ಮ ಮೊಬೈಲ್ ನಂಬರ್ ಮತ್ತು ಇಮೇಲ್ ಕೊಡಿ. ನವೀಕರಣದ ಸಂದೇಶ ನಿಮಗೇ ಬರುತ್ತದೆ. ಓಡಾಟವೆಲ್ಲ ನಿಮ್ಮದೇ ಆಗಿರಲಿ, ವಿಮೆ ಪಡೆದವರು ಅನ್ನುವ ಕಡೆ ಮಾತ್ರ ಅಮ್ಮನ ಹೆಸರು ಬರಲಿ.

ಎರಡನೆಯದು, ಮುಂದೆ ಮನೆ ನನಗೇ ಬರುತ್ತದೆ ಅನ್ನುವ ಲೆಕ್ಕ. ತಾಯಿ ಬದುಕಿರುವಾಗ ಅವರ ಸ್ವಂತ ಆಸ್ತಿಯಲ್ಲಿ ಮಕ್ಕಳಿಗೆ ಇರುವುದು ಹಕ್ಕಲ್ಲ, ಬರಬಹುದು ಅನ್ನುವ ನಿರೀಕ್ಷೆ. ಈ ನಿರೀಕ್ಷೆಯನ್ನು ಬೇರೆಯವರಿಗೆ ವರ್ಗಾಯಿಸಲೂ ಆಗುವುದಿಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಅಮ್ಮ ನಾಳೆ ಮನೆ ಮಾರಬಹುದು, ಅಕ್ಕನಿಗೆ ಕೊಡಬಹುದು, ಉಯಿಲು ಬರೆಯಬಹುದು. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಅವರು ಉಯಿಲು ಬರೆಯದೆ ತೀರಿಕೊಂಡರೂ ಮನೆ ನಿಮಗೊಬ್ಬರಿಗೇ ಬರುವುದಿಲ್ಲ. ನೀವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಸೇರುವವರಾದರೆ ಮಗ, ಮಗಳು, ಗಂಡ ಮೂವರೂ ಒಟ್ಟಿಗೆ ವಾರಸುದಾರರು. ಅಕ್ಕನಿಗೆ ಮದುವೆಯಾಗಿದೆ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಮೂರನೆಯದು ನಿಮ್ಮ 9 ಲಕ್ಷ. ಇದರಲ್ಲಿ ಜನ ಜಾಸ್ತಿ ಎಡವುತ್ತಾರೆ. ಇಷ್ಟು ಹಣ ಹಾಕಿದ್ದೇನೆ, ನನಗೆ ಏನೂ ಇಲ್ಲವೇ ಅಂತ ಅನ್ನಿಸುವುದು ಸಹಜ. ಇದಕ್ಕೆ ಒಂದು ಹಳೆಯ ಇಂಗ್ಲಿಷ್ ತೀರ್ಪನ್ನು ಹೇಳಬೇಕು. ನಮ್ಮ ವಿಮಾ ಕಾನೂನಿನ ಪಾಠಗಳಲ್ಲೂ ಅದು ಬಂದೇ ಬರುತ್ತದೆ.

ಉತ್ತರ ಐರ್ಲೆಂಡಿನಲ್ಲಿ ಮಕೌರಾ ಎಂಬ ಜಮೀನುದಾರ ಇದ್ದ. ತನ್ನ ಜಮೀನಿನ ಮರದ ದಿಮ್ಮಿಗಳನ್ನೆಲ್ಲ ಒಂದು ಕಂಪನಿಗೆ ಮಾರಿದ. ಆ ಕಂಪನಿಯ ಷೇರುಗಳೆಲ್ಲ ಅವನ ಮತ್ತು ಅವನ ಪರವಾಗಿ ಇಟ್ಟುಕೊಂಡವರ ಕೈಯಲ್ಲೇ ಇದ್ದವು. ಜೊತೆಗೆ ಕಂಪನಿ ಅವನಿಂದ ಪಡೆದ ದೊಡ್ಡ ಮೊತ್ತದ ಸಾಲವನ್ನು ಇನ್ನೂ ತೀರಿಸಬೇಕಿತ್ತು. ಆಮೇಲೂ ಅವನು ದಿಮ್ಮಿಗಳ ವಿಮೆಯನ್ನು ತನ್ನ ಸ್ವಂತ ಹೆಸರಲ್ಲೇ ಮಾಡಿಸಿದ. 1922ರ ಫೆಬ್ರುವರಿಯಲ್ಲಿ ದಿಮ್ಮಿಗಳು ಸುಟ್ಟುಹೋದವು. ಪ್ರಕರಣ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 1925ರಲ್ಲಿ ತೀರ್ಪು ಬಂತು: ದಿಮ್ಮಿ ಕಂಪನಿಯದು, ಅವನದಲ್ಲ. ಷೇರು ಇದ್ದ ಮಾತ್ರಕ್ಕೆ ಹಿತಾಸಕ್ತಿ ಬರುವುದಿಲ್ಲ. ಅಡಮಾನ ಇಲ್ಲದೆ ಸಾಲ ಕೊಟ್ಟವನಿಗೂ ಸಾಲಗಾರನ ವಸ್ತುವಿನಲ್ಲಿ ಹಿತಾಸಕ್ತಿ ಇಲ್ಲ. ಅವನಿಗೆ ಒಂದು ಪೈಸೆಯೂ ಸಿಗಲಿಲ್ಲ.

ಹೆಚ್ಚುಕಡಿಮೆ ಎಲ್ಲ ಲಾಭವೂ ತನಗೇ ಬರಬೇಕಿದ್ದ ಮನುಷ್ಯನಿಗೆ ಹೀಗಾಯಿತು. ನೀವು ಮೇಲಂತಸ್ತಿಗೆ ಕೊಟ್ಟ ಹಣಕ್ಕೆ ಬರಹ ಇದೆಯೇ? ಇರಲಿಕ್ಕಿಲ್ಲ, ಅಮ್ಮನ ಜೊತೆ ಯಾರು ಕಾಗದ ಮಾಡಿಕೊಳ್ಳುತ್ತಾರೆ? ಆಗ ಅದು ಮಗ ಪ್ರೀತಿಯಿಂದ ಕೊಟ್ಟದ್ದು. ಸಾಲ ಅಂತ ಕೊಟ್ಟಿದ್ದರೂ ಅಡಮಾನ ಇಲ್ಲದ ಸಾಲ. ಅಮ್ಮನ ನೆಲದ ಮೇಲೆ ಕಟ್ಟಿದ ಗೋಡೆ ಅಮ್ಮನ ಮನೆಗೇ ಸೇರುತ್ತದೆ.

ಹಾಗಾದರೆ ಮಗನಿಗೆ ಯಾವಾಗ ಹಿತಾಸಕ್ತಿ ಬರುತ್ತದೆ? ದಾನಪತ್ರ ನೋಂದಣಿ ಮಾಡಿ ಅಮ್ಮ ನಿಮಗೆ ಪಾಲು ಕೊಟ್ಟರೆ ಆ ಪಾಲಿನ ಮಟ್ಟಿಗೆ ಬರುತ್ತದೆ. ಅಜ್ಜನ ಕಾಲದ ಪಿತ್ರಾರ್ಜಿತ ಆಸ್ತಿಯಾಗಿ ಅದರಲ್ಲಿ ನಿಮಗೆ ಹುಟ್ಟಿನಿಂದ ಹಕ್ಕಿದ್ದರೆ ಬರುತ್ತದೆ, ಅಲ್ಲೂ ಅಕ್ಕನ ಪಾಲು ಇದೆ. ಮನೆ ಅಡವಿಟ್ಟು ತೆಗೆದ ಸಾಲಕ್ಕೆ ನೀವೂ ಸಹ ಸಾಲಗಾರರಾಗಿದ್ದರೆ ಆ ಹೊಣೆಯ ಮಟ್ಟಿಗೆ ನಿಮ್ಮದೂ ಒಂದು ಹಿತಾಸಕ್ತಿ ಇದೆ ಅನ್ನಬಹುದು. ಅಂಥ ಸಾಲ ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಬರಬೇಕು. ಅಮ್ಮ ನಿಮಗೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದರೆ ನೀವು ಅವರ ಪರವಾಗಿ ಸಹಿ ಮಾಡಬಹುದು. ಆದರೆ ಪಾಲಿಸಿ ಆಗಲೂ ಅವರ ಹೆಸರಲ್ಲೇ. ನಿಮ್ಮ ಬರಹ ನೋಡಿದರೆ ಇವು ಯಾವುವೂ ಇದ್ದಂತೆ ಕಾಣಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೀವೂ ಅಪ್ಪ ದುಡಿದು ಕಟ್ಟಿಸಿದ ಮನೆ ಅಂತ ಬರೆದಿದ್ದೀರಿ. ತುಂಬಾ ಜನ ಹೀಗೆ ಯೋಚಿಸಿ ಪಾಲಿಸಿಯನ್ನು ಅಪ್ಪನ ಹೆಸರಿಗೆ ಮಾಡಿಸುತ್ತಾರೆ. ಯಾರು ದುಡಿದರು ಅನ್ನುವುದನ್ನು ಕಂಪನಿ ಕೇಳುವುದಿಲ್ಲ. ಫಾರ್ಮ್ ತುಂಬುವ ಮೊದಲು ಕ್ರಯಪತ್ರ ಎದುರಿಗಿಟ್ಟುಕೊಂಡು ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಖಾತೆ ತೆರಿಗೆಯ ದಾಖಲೆ, ಒಡೆತನಕ್ಕೆ ಮೂಲ ಕ್ರಯಪತ್ರವೇ. ಎರಡರಲ್ಲೂ ಹೆಸರು ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಒಳಗಿನ ಸಾಮಾನುಗಳ ಲೆಕ್ಕ ಬೇರೆ. ಟಿವಿ, ಬೀರು, ಫ್ರಿಜ್ ಅಪ್ಪನದೂ ಹೌದು, ಅಮ್ಮನದೂ ಹೌದು. ಸಾಮಾನಿನ ವಿಮೆಗೆ ಅಪ್ಪನ ಹೆಸರನ್ನೂ ಸೇರಿಸಲು ಕೇಳಿ.

ಈಗ 2019ರ ನೀರು. ಆ ಆಗಸ್ಟ್‌ನಲ್ಲಿ ತುಂಗಾ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತು. ಕಂಪನಿಗೆ ಗೊತ್ತಿರುವುದನ್ನು ನಾವ್ಯಾಕೆ ಹೇಳಬೇಕು ಅಂತ ನಿಮ್ಮ ಏಜೆಂಟ್ ವಾದಿಸಬಹುದು. ಈ ವಾದಕ್ಕೆ ಒಂದು ಬೇರು ಇದೆ, ಅದನ್ನು ಅರ್ಥ ಮಾಡಿಕೊಂಡರೆ ಅದರ ಮಿತಿಯೂ ಕಾಣುತ್ತದೆ.

ವಿಮೆ ಬೇರೆ ವ್ಯಾಪಾರದ ಹಾಗಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸಿ, ಓಡಾಡಿಸಿ ನೋಡುತ್ತಾನೆ. ಮನೆ ವಿಮೆ ಕೊಡುವವನು ಸಾಮಾನ್ಯವಾಗಿ ಮನೆ ನೋಡಿಯೇ ಇರುವುದಿಲ್ಲ. ನೀವು ಬರೆದುಕೊಟ್ಟದ್ದನ್ನು ನಂಬಿ ಬೆಲೆ ಕಟ್ಟುತ್ತಾನೆ. ಅದಕ್ಕೇ ಕಾನೂನು ಇಲ್ಲಿ ಸಾಮಾನ್ಯ ಪ್ರಾಮಾಣಿಕತೆಗಿಂತ ಜಾಸ್ತಿ ಕೇಳುತ್ತದೆ. ಇದೇ ಅಟ್‌ಮೋಸ್ಟ್ ಗುಡ್ ಫೇತ್, ಪರಮ ಸದ್ಭಾವ. ಸುಳ್ಳು ಹೇಳದಿದ್ದರೆ ಸಾಲದು. ವಿಮೆ ಕೊಡಬೇಕೋ ಬೇಡವೋ, ಎಷ್ಟು ಕಂತಿಗೆ ಕೊಡಬೇಕು ಅನ್ನುವುದನ್ನು ಬದಲಿಸುವಂಥ ವಿಷಯ ನಿಮಗೆ ಗೊತ್ತಿದ್ದರೆ ನೀವಾಗಿ ಹೇಳಬೇಕು.

ಇದನ್ನು ಸ್ಪಷ್ಟವಾಗಿ ಹೇಳಿದ ಪ್ರಕರಣ 1766ರದ್ದು. ಸುಮಾತ್ರಾ ದ್ವೀಪದ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಕೋಟೆ ಶತ್ರುಗಳ ಕೈಗೆ ಹೋದರೆ ಹಣ ಸಿಗುವಂತೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿತ್ತು, ಫ್ರೆಂಚರು ಬರುವ ಸಂಭವ ಇತ್ತು, ಇದನ್ನೆಲ್ಲ ಮುಚ್ಚಿಟ್ಟ ಅಂತ ವಿಮೆ ಕೊಟ್ಟ ಬೋಮ್ ವಾದಿಸಿದ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಪರಮ ಸದ್ಭಾವದ ನಿಯಮವನ್ನು ಅಲ್ಲೇ ವಿವರಿಸಿದರು. ಆದರೆ ಗೆದ್ದದ್ದು ಕಾರ್ಟರ್. ಯುದ್ಧ ನಡೆಯುತ್ತಿದ್ದ ಕಾಲ, ಫ್ರೆಂಚರು ಬರಬಹುದೇ ಅನ್ನುವುದನ್ನು ಲಂಡನ್ನಿನಲ್ಲಿ ಕೂತವನೇ ಚೆನ್ನಾಗಿ ಅಂದಾಜು ಮಾಡಬಹುದಿತ್ತು. ಗೊತ್ತಿದ್ದೂ ಕಂತು ತೆಗೆದುಕೊಂಡು ಆಮೇಲೆ ಆಕ್ಷೇಪ ಎತ್ತುವಂತಿಲ್ಲ ಅಂದರು.

ಇದನ್ನು ನಿಮ್ಮ ಮನೆಗೆ ಇಟ್ಟು ನೋಡಿ. ಶಿವಮೊಗ್ಗದಲ್ಲಿ ಪ್ರವಾಹ ಬಂದಿತ್ತು ಅನ್ನುವುದು ಲೋಕಕ್ಕೆ ಗೊತ್ತು. ನಿಮ್ಮ ಮನೆಯ ಹಾಲ್‌ನಲ್ಲಿ ಮೊಣಕಾಲುದ್ದ ನಿಂತಿತ್ತು ಅನ್ನುವುದು ನಿಮಗೆ ಮಾತ್ರ ಗೊತ್ತು. ಅದೇ ಬೀದಿಯಲ್ಲಿ ಎತ್ತರದ ಪಾಯದ ಮನೆಗೆ ನೀರು ಬಂದಿರದೆಯೂ ಇರಬಹುದು. ಮೊದಲನೆಯದನ್ನು ಹೇಳದಿದ್ದರೂ ನಡೆಯಬಹುದು, ಎರಡನೆಯದನ್ನು ಹೇಳಲೇಬೇಕು.

ಮುಚ್ಚಿಟ್ಟರೆ ಏನಾಗುತ್ತದೆ? ಪ್ರವಾಹದ ಕ್ಲೇಮ್ ಮಾತ್ರ ಹೋಗುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ನಾಳೆ ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಹತ್ತಿಕೊಳ್ಳುತ್ತದೆ ಅನ್ನಿ. ಸರ್ವೇಯರ್ ಬಂದಾಗ ಗೋಡೆಯ ಮೇಲಿನ ಹಳೆಯ ನೀರಿನ ಗೆರೆ ಕಾಣುತ್ತದೆ, ಬಣ್ಣ ಹೊಡೆದಿದ್ದರೂ ಬುಡದಲ್ಲಿ ಉಪ್ಪು ಉಕ್ಕಿರುತ್ತದೆ. ಅವನು ಪಕ್ಕದ ಮನೆಯವರನ್ನು ಕೇಳುತ್ತಾನೆ. ನಾನೂ ಕೇಳುತ್ತಿದ್ದೆ. ಬೆಂಕಿಗೂ ನೀರಿಗೂ ಸಂಬಂಧವಿಲ್ಲದಿದ್ದರೂ, ಸರಿಯಾದ ವಿಷಯ ಗೊತ್ತಿದ್ದರೆ ಈ ಷರತ್ತಿನಲ್ಲಿ ವಿಮೆ ಕೊಡುತ್ತಲೇ ಇರಲಿಲ್ಲ ಅಂತ ಕಂಪನಿ ಇಡೀ ಪಾಲಿಸಿಯನ್ನೇ ರದ್ದು ಅನ್ನಬಹುದು. ನೀವು ಗ್ರಾಹಕರ ಆಯೋಗಕ್ಕೆ ಹೋಗಿ ವಾದಿಸಬಹುದು, ಗೆಲ್ಲಲೂಬಹುದು. ಆದರೆ ಸುಟ್ಟ ಮನೆಯಲ್ಲಿ ಅಪ್ಪ ಅಮ್ಮನನ್ನು ಇಟ್ಟುಕೊಂಡು ವರ್ಷಗಟ್ಟಲೆ ಅಲೆಯುವುದು ಯಾಕೆ? ಮೂರು ವರ್ಷ ಆದ ಮೇಲೆ ಕೇಳುವ ಹಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಆ ರಕ್ಷಣೆ ವಿಮಾ ಕಾಯ್ದೆಯ 45ನೇ ಸೆಕ್ಷನ್ನಿನದು, ಅದು ಜೀವ ವಿಮೆಗೆ ಮಾತ್ರ. ಮನೆಗೆ ಅನ್ವಯಿಸುವುದಿಲ್ಲ.

ಹೇಗೆ ಬರೆಯಬೇಕು ಅಂದರೆ, ಸುಮ್ನೆ ಎರಡು ಮೂರು ಸಾಲು ಸಾಕು: "2019ರ ಆಗಸ್ಟ್‌ನಲ್ಲಿ ನದಿ ಉಕ್ಕಿದಾಗ ಕೆಳ ಅಂತಸ್ತಿನಲ್ಲಿ ಸುಮಾರು ಒಂದೂವರೆ ಅಡಿ ನೀರು ಇಷ್ಟು ದಿನ ನಿಂತಿತ್ತು. ಬಾಗಿಲು, ಬಣ್ಣ, ವೈರಿಂಗ್ ರಿಪೇರಿಗೆ ಇಷ್ಟು ಖರ್ಚಾಯಿತು. ಆಗ ವಿಮೆ ಇರಲಿಲ್ಲ. ಆಮೇಲೆ ನೀರು ಬಂದಿಲ್ಲ." ಕೊನೆಯ ಎರಡು ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಫಾರ್ಮ್‌ನಲ್ಲಿ ಜಾಗ ಇಲ್ಲದಿದ್ದರೆ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ. ಆನ್‌ಲೈನ್‌ನಲ್ಲಿ ಮಾಡುವುದಾದರೆ ಹಣ ಕಟ್ಟುವ ಮೊದಲೇ ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರುವ ತನಕ ಕಾಯಿರಿ. ಏಜೆಂಟ್‌ಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದು ಕಷ್ಟ. ಸಹಿ ಅಮ್ಮನದು, ಏಜೆಂಟ್‌ನದಲ್ಲ. ಕಂಪನಿ ಸ್ವಲ್ಪ ಜಾಸ್ತಿ ಕಂತು ಕೇಳಬಹುದು, ನಷ್ಟದ ಮೊದಲ ಒಂದಿಷ್ಟು ಭಾಗ ನಿಮ್ಮದು ಅನ್ನಬಹುದು. ಬೇಡವೇ ಬೇಡ ಅಂದರೆ ಇನ್ನೊಂದು ಕಂಪನಿಗೆ ಹೋಗಿ, ಅಲ್ಲಿ ಈ ನಿರಾಕರಣೆಯನ್ನೂ ಕೇಳಿದರೆ ಹೇಳಿ.

ನೀರಿನ ಹಾಗೇ ಬೇರೆ ಕೆಲವನ್ನೂ ಯೋಚಿಸಿ. ಮುಂದಿನ ಕೋಣೆಯಲ್ಲಿ ಅಂಗಡಿ ಇದೆಯೇ? ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದೀರಾ? ಹಿತ್ತಿಲಿನ ಶೆಡ್ಡಿನಲ್ಲಿ ಅಡಿಕೆ ಮೂಟೆಯೋ ಸೌದೆಯೋ ತುಂಬಿದೆಯೇ? ಕೆಳಗಿನದು ಹೆಂಚಿನ ಮಾಡೇ, ಆರ್‌ಸಿಸಿಯೇ? ಅಪ್ಪ ಅಮ್ಮ ವರ್ಷದಲ್ಲಿ ಕೆಲವು ತಿಂಗಳು ನಿಮ್ಮ ಮನೆಗೆ ಬಂದಾಗ ಅಲ್ಲಿ ಬೀಗ ಇರುತ್ತದೆಯೇ? ಹಳೆಯ ಸ್ಟಾಂಡರ್ಡ್ ಬೆಂಕಿ ಪಾಲಿಸಿಯಲ್ಲಿ ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತಿತ್ತು. ನಿಮಗೆ ಕೊಡುವ ಪಾಲಿಸಿಯಲ್ಲಿ ಖಾಲಿ ಮನೆಯ ಬಗ್ಗೆ ಏನಿದೆ ಅಂತ ಓದಿಕೊಳ್ಳಿ. ಇವು ಮಧ್ಯದಲ್ಲಿ ಬದಲಾದರೂ ಕಂಪನಿಗೆ ತಿಳಿಸಬೇಕು, ಪ್ರತಿ ನವೀಕರಣದಲ್ಲೂ ಮತ್ತೊಮ್ಮೆ ನೋಡಬೇಕು.

ಸದ್ಭಾವ ಎರಡೂ ಕಡೆಯದು. ಯಾವುದಕ್ಕೆ ಹಣ ಕೊಡುವುದಿಲ್ಲ ಅನ್ನುವ ಷರತ್ತನ್ನು ಕಂಪನಿಯೂ ತಿಳಿಸಬೇಕು. ತಿಳಿಸದ ಷರತ್ತನ್ನು ಆಮೇಲೆ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಪಾಲಿಸಿಯ ಪೂರ್ತಿ ಪ್ರತಿ ಕೇಳಿ ಪಡೆಯಿರಿ, ಒಂದು ಪುಟದ ಸರ್ಟಿಫಿಕೇಟ್‌ಗೆ ಸುಮ್ಮನಾಗಬೇಡಿ. ಫಾರ್ಮ್ ಇಂಗ್ಲಿಷಿನಲ್ಲಿದ್ದು ಅಮ್ಮನಿಗೆ ಬಾರದಿದ್ದರೆ, ಕನ್ನಡದಲ್ಲಿ ವಿವರಿಸಿದವರು ಯಾರು ಅನ್ನುವ ಹೇಳಿಕೆಯನ್ನು ಅದರಲ್ಲಿ ತುಂಬಿಸಬೇಕು. ಅಮ್ಮನಿಗೆ ಒಂದೊಂದು ಪ್ರಶ್ನೆಯನ್ನೂ ಓದಿ ಹೇಳಿ, ಖಾಲಿ ಫಾರ್ಮ್‌ಗೆ ಸಹಿ ಹಾಕಿಸಬೇಡಿ. ನೀವು ತುಂಬುವಾಗ ಆದ ತಪ್ಪು ಅವರ ತಪ್ಪಾಗಿ ನಿಲ್ಲುತ್ತದೆ.

ಯಾವ ಪಾಲಿಸಿ, ಎಷ್ಟಕ್ಕೆ ಅನ್ನುವುದನ್ನೂ ಹೇಳುತ್ತೇನೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಮನೆ ಪಾಲಿಸಿ ಕೊಡಬೇಕು ಅಂತ ಆಯಿತು. ಇದರಲ್ಲಿ ಬೆಂಕಿಯ ಜೊತೆ ಪ್ರವಾಹ, ಭೂಕುಸಿತ, ಭೂಕಂಪ ಎಲ್ಲ ಸೇರಿವೆ. ಮೊತ್ತಕ್ಕೆ ಸೈಟಿನ ಬೆಲೆ ಹಿಡಿಯುವುದಿಲ್ಲ, ಮತ್ತೆ ಕಟ್ಟಲು ಆಗುವ ಖರ್ಚು ಮಾತ್ರ. ಕಾರ್ಪೆಟ್ ಅಳತೆಯಲ್ಲಿ, ಅಂದರೆ ಹೊರಗೋಡೆ ಬಿಟ್ಟು ಒಳಗಿನ ಅಳತೆಯಲ್ಲಿ, ನಿಮ್ಮದು 900 ಮತ್ತು 600, ಒಟ್ಟು 1,500 ಚದರಡಿ. ನಿಮ್ಮೂರಿನ ಇಂಜಿನಿಯರ್ ಚದರಡಿಗೆ 2,000 ರೂಪಾಯಿ ಅಂದರೆ 30 ಲಕ್ಷ. ಅದರ ಶೇ 20, ಅಂದರೆ 6 ಲಕ್ಷ, ಸಾಮಾನಿಗೆ ತಾನಾಗಿ ಸೇರುತ್ತದೆ. ತಾನಾಗಿ ಸೇರುವುದಕ್ಕೆ 10 ಲಕ್ಷದ ಮಿತಿ ಇದೆ. ಒಡವೆಯನ್ನು ಬೇರೆಯಾಗಿ ಹೇಳಿ ಸೇರಿಸಿಕೊಳ್ಳಬೇಕು. ಮೇಲಂತಸ್ತಿಗೆ ನಕ್ಷೆಯ ಮಂಜೂರಾತಿ ಇಲ್ಲ ಅಂತ ಅದನ್ನು ಅಳತೆಯಿಂದ ಬಿಡಬೇಡಿ. ಇರುವ ಹಾಗೇ ಬರೆದು ಕಂಪನಿಯ ಉತ್ತರ ಲಿಖಿತವಾಗಿ ಪಡೆಯಿರಿ. ನಿಮ್ಮ 9 ಲಕ್ಷವನ್ನು ಕಾಯುವ ದಾರಿಯೂ ಇದೇ: ಮೇಲಂತಸ್ತು ಅಮ್ಮನ ಪಾಲಿಸಿಯೊಳಗೆ ಪೂರ್ತಿ ಬಂದಿರಬೇಕು.

ಕೊನೆಗೆ ಒಂದು ಎಚ್ಚರ. ಮನೆಯ ವಿಮೆಯಲ್ಲಿ ಹಿತಾಸಕ್ತಿ ಪಾಲಿಸಿ ಮಾಡಿಸುವ ದಿನವೂ ಇರಬೇಕು, ನಷ್ಟವಾಗುವ ದಿನವೂ ಇರಬೇಕು. ಮುಂದೆ ಅಮ್ಮ ನಿಮಗೆ ದಾನಪತ್ರ ಮಾಡಿಕೊಟ್ಟರೆ ನೋಂದಣಿಯಾದ ದಿನವೇ ಅವರ ಒಡೆತನ ಮುಗಿಯುತ್ತದೆ, ಪಾಲಿಸಿ ಮಾತ್ರ ಅವರ ಹೆಸರಲ್ಲೇ ಉಳಿದಿರುತ್ತದೆ. ಆ ರಾತ್ರಿ ಬೆಂಕಿ ಬಿದ್ದರೂ ನಾನು ಮೊದಲು ಹೇಳಿದ ಮನೆಯ ಕಥೆಯೇ, ತಿರುಗುಮುರುಗಾಗಿ. ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮೊದಲೇ ಕಂಪನಿಗೆ ಬರೆದು, ಹೆಸರು ಬದಲಾಯಿಸುವ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ಆ ದಿನದಿಂದಲೇ ಜಾರಿಗೆ ಬರುವಂತೆ ಮಾಡಿಸಿಕೊಳ್ಳಿ.